ದಿನಾ ನಡೆಯುವ ಉಮ್ಮನಿಗೆ ಸೋಫಾದಿಂದ ಏಳಲು ಕಷ್ಟವೇಕೆ?

ಮದುವೆ ಮನೆಯಲ್ಲಿ ಹಿರಿಯರಿಗೆಂದು ಮೆತ್ತನೆಯ ಸೋಫಾ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ. ಕುಳಿತವರು ಊಟಕ್ಕೆ ಏಳುವ ಹೊತ್ತಿಗೆ ಏನಾಗುತ್ತದೆ ಎಂದು ನೀವು ಗಮನಿಸಿರಬಹುದು. ಒಮ್ಮೆ ಮುಂದಕ್ಕೆ ಬಾಗುತ್ತಾರೆ, ಆಗುವುದಿಲ್ಲ. ಮತ್ತೊಮ್ಮೆ ಬಾಗುತ್ತಾರೆ. ಮೂರನೇ ಸಲಕ್ಕೆ ಯಾರಾದರೂ ಓಡಿ ಬಂದು ತೋಳು ಹಿಡಿದು ಎಬ್ಬಿಸುತ್ತಾರೆ. "ಸೋಫಾ ತುಂಬಾ ಮೆತ್ತಗಿದೆ" ಎಂದು ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಫಿಸಿಯೋಥೆರಪಿಗಾಗಿ ನನ್ನ ಬಳಿ ಬಂದಿದ್ದ ಅರವತ್ತೆಂಟರ ಓರ್ವ ಉಮ್ಮನ ಕಥೆಯೂ ಹೀಗೆಯೇ ಆರಂಭವಾಗಿತ್ತು. ಅವರ ಮಗಳು ಹೇಳಿದ್ದು ಒಂದೇ ಮಾತು: "ಉಮ್ಮ ದಿನಾ ಬೆಳಿಗ್ಗೆ ನಲವತ್ತು ನಿಮಿಷ ನಡೀತಾರೆ. ಒಂದು ದಿನವೂ ತಪ್ಪಿಸಲ್ಲ. ಆದ್ರೂ ಸೋಫಾದಿಂದ ಏಳೋಕೆ ಆಗಲ್ಲ ಅಂದ್ರೆ ಹೇಗೆ?"

ಪ್ರಶ್ನೆ ಸರಿಯಾಗಿಯೇ ಇದೆ. ನಡಿಗೆ ಕಾಲಿನ ಕೆಲಸ, ಏಳುವುದೂ ಕಾಲಿನ ಕೆಲಸ. ಒಂದನ್ನು ನಲವತ್ತು ನಿಮಿಷ ಮಾಡಬಲ್ಲವರಿಗೆ ಇನ್ನೊಂದು ಎರಡು ಸೆಕೆಂಡಿನ ಮಟ್ಟಿಗೂ ಯಾಕೆ ಆಗುವುದಿಲ್ಲ? ಉತ್ತರ ಸಿಗಬೇಕಾದರೆ ಸ್ನಾಯು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು ನಿಮ್ಮ ಕೈಯಲ್ಲೇ ಒಂದು ಪರೀಕ್ಷೆ ಮಾಡಿ. ಮಣಿಕಟ್ಟನ್ನು ನೇರವಾಗಿಟ್ಟು ಮುಷ್ಟಿಯನ್ನು ಬಲವಾಗಿ ಬಿಗಿಯಿರಿ. ಈಗ ಮುಷ್ಟಿ ಬಿಡಿಸಿ, ಮಣಿಕಟ್ಟನ್ನು ಅಂಗೈಯ ಕಡೆಗೆ ಎಷ್ಟು ಸಾಧ್ಯವೋ ಅಷ್ಟು ಮಡಚಿ, ಹಾಗೆಯೇ ಮತ್ತೆ ಮುಷ್ಟಿ ಬಿಗಿಯಲು ನೋಡಿ. ಬೆರಳುಗಳು ಪೂರ್ತಿ ಮುಚ್ಚುವುದೂ ಕಷ್ಟ. ಕೈಯಲ್ಲಿ ಪೆನ್ನು ಇದ್ದರೆ ಮಗು ಕೂಡ ಕಿತ್ತುಕೊಳ್ಳಬಹುದು. ಸ್ನಾಯು ಅದೇ, ನಿಮ್ಮ ಮನಸ್ಸಿನ ಬಲವೂ ಅದೇ. ಬದಲಾದದ್ದು ಸ್ನಾಯುವಿನ ಉದ್ದ. ಬೆರಳು ಮಡಚುವ ಸ್ನಾಯುಗಳು ಮುಂಗೈಯಲ್ಲಿವೆ, ಅವುಗಳ ಹುರಿ ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತದೆ. ಮಣಿಕಟ್ಟು ಮಡಚಿದಾಗಲೇ ಅವು ಗಿಡ್ಡವಾಗಿಬಿಡುತ್ತವೆ. ಮತ್ತೆ ಎಳೆಯಲು ಅವುಗಳಲ್ಲಿ ಜಾಗ ಉಳಿಯುವುದಿಲ್ಲ. ಜೊತೆಗೆ ಕೈಯ ಹಿಂಬದಿಯ ಸ್ನಾಯುಗಳು ಬಿಗಿದು ಬೆರಳನ್ನು ಹಿಂದಕ್ಕೆ ಎಳೆಯುತ್ತಿರುತ್ತವೆ. ಬಟ್ಟೆ ಹಿಂಡುವಾಗ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುವಾಗ ಯಾರೂ ಹೇಳಿಕೊಡದೆಯೇ ನೀವು ಮಣಿಕಟ್ಟನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿಯುವುದು ಇದೇ ಕಾರಣಕ್ಕೆ.

ಸ್ನಾಯುವಿನ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಖಾನೆಗಳು ಕಾಣುತ್ತವೆ. ಅವುಗಳನ್ನು ಸಾರ್ಕೋಮಿಯರ್ ಎನ್ನುತ್ತಾರೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 400 ಖಾನೆಗಳಿರುತ್ತವೆ. ಪ್ರತಿ ಖಾನೆಯ ನಡುವೆ ದಪ್ಪ ತಂತುಗಳು, ಎರಡೂ ಬದಿಯಿಂದ ಒಳಕ್ಕೆ ಚಾಚಿದ ತೆಳು ತಂತುಗಳು. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದಂತೆ ಅವು ಇರುತ್ತವೆ. ದಪ್ಪ ತಂತುಗಳಿಂದ ಹೊರಟ ಪುಟ್ಟ ಕೊಕ್ಕೆಗಳು ತೆಳು ತಂತುಗಳನ್ನು ಹಿಡಿದು ಒಳಕ್ಕೆ ಎಳೆಯುತ್ತವೆ. ಸ್ನಾಯುವಿನ ಬಲ ಎಂದರೆ ಇಷ್ಟೇ: ಒಂದು ಕ್ಷಣದಲ್ಲಿ ಎಷ್ಟು ಕೊಕ್ಕೆಗಳು ಹಿಡಿದುಕೊಂಡಿವೆ ಎಂಬುದು.

ಸ್ನಾಯುವನ್ನು ತುಂಬಾ ಎಳೆದು ಉದ್ದ ಮಾಡಿದರೆ ತಂತುಗಳು ಒಂದರಿಂದೊಂದು ದೂರ ಸರಿಯುತ್ತವೆ, ಕೊಕ್ಕೆಗೆ ಹಿಡಿಯಲು ಏನೂ ಸಿಗುವುದಿಲ್ಲ. ತುಂಬಾ ಗಿಡ್ಡವಾದರೆ ತಂತುಗಳ ತುದಿಗಳು ಒಂದರ ಮೇಲೊಂದು ಏರಿ ದಾರಿಗೆ ಅಡ್ಡವಾಗುತ್ತವೆ. ನಡುವಿನ ಒಂದು ಉದ್ದದಲ್ಲಿ ಮಾತ್ರ ಪೂರ್ಣ ಬಲ. ಆಂಡ್ರ್ಯೂ ಹಕ್ಸ್‌ಲಿ ತನ್ನ ಸಹೋದ್ಯೋಗಿಗಳಾದ ಗಾರ್ಡನ್ ಮತ್ತು ಜೂಲಿಯನ್ ಜೊತೆ 1966ರಲ್ಲಿ ಕಪ್ಪೆಯ ಒಂದೇ ಒಂದು ಸ್ನಾಯು ಎಳೆಯ ಮೇಲೆ ಇದನ್ನು ಅಳೆದು ತೋರಿಸಿದರು. ಖಾನೆ ಸುಮಾರು 2 ಮೈಕ್ರೋಮೀಟರ್‌ನಿಂದ 2.2ರ ವರೆಗೆ ಇರುವಾಗ ಬಲ ಅತಿ ಹೆಚ್ಚು. 3.65ಕ್ಕೆ ಎಳೆದಾಗ ಬಲ ಸೊನ್ನೆ. ಮನುಷ್ಯರ ತೆಳು ತಂತುಗಳು ಸ್ವಲ್ಪ ಉದ್ದವಾದುದರಿಂದ ನಮ್ಮ ಅಳತೆ ತುಸು ಹೆಚ್ಚು, ಆದರೆ ನಿಯಮ ಅದೇ.

ಇನ್ನು ಸೋಫಾಕ್ಕೆ ಬರೋಣ. ಏಳುವಾಗ ಹೆಚ್ಚಿನ ಭಾರ ಹೊರುವುದು ತೊಡೆಯ ಮುಂಭಾಗದ ಸ್ನಾಯು. ಮೊಣಕಾಲನ್ನು ನೆಟ್ಟಗೆ ಮಾಡುವ ಕೆಲಸ ಅದರದು. ಮೊಣಕಾಲು 60ರಿಂದ 70 ಡಿಗ್ರಿಯಷ್ಟು ಮಡಚಿರುವಾಗ ಈ ಸ್ನಾಯು ಮೊಣಕಾಲಿಗೆ ಅತಿ ಹೆಚ್ಚು ಬಲ ಕೊಡಬಲ್ಲದು. ಊಟದ ಮೇಜಿನ ಕುರ್ಚಿಯಲ್ಲಿ ಕುಳಿತಾಗ ಮೊಣಕಾಲು ಸುಮಾರು 90 ಡಿಗ್ರಿ ಮಡಚಿರುತ್ತದೆ. ತಗ್ಗಿನ ಸೋಫಾದಲ್ಲಿ ಅದಕ್ಕಿಂತಲೂ ಹೆಚ್ಚು. ಅಂದರೆ ಸ್ನಾಯು ತನ್ನ ಒಳ್ಳೆಯ ಸ್ಥಾನವನ್ನು ದಾಟಿ ಹೋಗಿದೆ. ಇಲ್ಲಿ ತಂತುಗಳ ಉದ್ದವೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಮೊಣಕಾಲಿನ ಚಿಪ್ಪು ಒಂದು ರಾಟೆಯಂತೆ ಸ್ನಾಯುವಿನ ಎಳೆತಕ್ಕೆ ಸಹಾಯ ಮಾಡುತ್ತದೆ, ಹೆಚ್ಚು ಮಡಚಿದಷ್ಟೂ ಆ ಸಹಾಯ ಕಡಿಮೆಯಾಗುತ್ತದೆ. ಮತ್ತು ದುರದೃಷ್ಟಕ್ಕೆ, ತೊಡೆ ನೆಲಕ್ಕೆ ಸಮಾನಾಂತರವಾಗಿರುವ ಅದೇ ಹೊತ್ತಿನಲ್ಲಿ ದೇಹದ ಭಾರವೂ ಮೊಣಕಾಲಿನಿಂದ ಅತಿ ದೂರದಲ್ಲಿರುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಆ ಉಮ್ಮನ ತೂಕ 60 ಕಿಲೋ. ಮೊಣಕಾಲಿನ ಕೆಳಗಿನ ಭಾಗ ಬಿಟ್ಟರೆ ಎತ್ತಬೇಕಾದದ್ದು ಸುಮಾರು 52 ಕಿಲೋ, ಒಂದೊಂದು ಕಾಲಿಗೆ 26 ಕಿಲೋ. ಆಸನ ಬಿಡುವ ಕ್ಷಣದಲ್ಲಿ ಈ ಭಾರ ಮೊಣಕಾಲಿನಿಂದ 18 ಸೆಂಟಿಮೀಟರ್ ಹಿಂದಿದೆ ಎಂದಿಟ್ಟುಕೊಳ್ಳಿ. ಸ್ನಾಯುವಿನ ಹುರಿ ಮೊಣಕಾಲಿನ ಕೇಂದ್ರದಿಂದ ಇರುವುದು ಸುಮಾರು 4 ಸೆಂಟಿಮೀಟರ್ ಮಾತ್ರ. ಮಕ್ಕಳ ಏತಪಾತದ ಆಟದಂತೆ, ಹತ್ತಿರ ಕೂತವನು ದೂರ ಕೂತವನನ್ನು ಎತ್ತಬೇಕಾದರೆ ಅಷ್ಟು ಪಟ್ಟು ಹೆಚ್ಚು ಬಲ ಹಾಕಬೇಕು. 26ನ್ನು 18ರಿಂದ ಗುಣಿಸಿ 4ರಿಂದ ಭಾಗಿಸಿದರೆ 117. ಅಂದರೆ ಒಂದೊಂದು ತೊಡೆಯೂ ಸುಮಾರು 115 ಕಿಲೋ ತೂಕ ಎತ್ತುವಷ್ಟು ಎಳೆಯಬೇಕು. ಅದೂ ತನಗೆ ಅನುಕೂಲವಲ್ಲದ ಸ್ಥಾನದಿಂದ. ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ ಭಾರ ಹೊತ್ತ ಮೊಣಕಾಲು ಹೆಚ್ಚು ಮಡಚುವುದೇ ಇಲ್ಲ. ಆದುದರಿಂದ ಈ ಸ್ನಾಯುವಿಗೆ ಅಲ್ಲಿ ಇದರ ಒಂದು ಸಣ್ಣ ಪಾಲಿನ ಕೆಲಸವಷ್ಟೇ.

ಆಸನದ ಎತ್ತರ ಏರಿಸಿದರೆ ಮೊಣಕಾಲಿನ ಮೇಲಿನ ಈ ಹೊರೆ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು ಎಂದು ಅಳತೆಗಳು ತೋರಿಸಿವೆ. ಹಾಗಾಗಿ "ಸೋಫಾ ತುಂಬಾ ಮೆತ್ತಗಿದೆ" ಎಂಬ ಮದುವೆ ಮನೆಯ ಮಾತು ತಪ್ಪೇನಲ್ಲ. ಆದರೆ ಅದು ಅರ್ಧ ಉತ್ತರ. ಅದೇ ಸೋಫಾದಿಂದ ಮೂವತ್ತರ ಮಗಳು ಕೈಯಲ್ಲಿ ಮಗು ಎತ್ತಿಕೊಂಡು ಏಳುತ್ತಾಳಲ್ಲ!

ಉಳಿದ ಅರ್ಧ ಬೆನ್ನುಹುರಿಯಲ್ಲಿದೆ. ಸ್ನಾಯುವಿನ ಎಳೆಗಳು ತಮಗೆ ಬೇಕಾದಾಗ ಕೆಲಸ ಮಾಡುವುದಿಲ್ಲ. ಬೆನ್ನುಹುರಿಯಲ್ಲಿರುವ ಒಂದೊಂದು ಚಾಲಕ ನರಕೋಶದ ಕೈಕೆಳಗೆ ಒಂದೊಂದು ಗುಂಪು ಎಳೆಗಳಿರುತ್ತವೆ. ನರಕೋಶ ಮತ್ತು ಅದರ ಎಳೆಗಳ ಈ ಗುಂಪಿಗೆ ಮೋಟಾರ್ ಯೂನಿಟ್ ಎಂದು ಹೆಸರು. ಕೆಲವು ಗುಂಪುಗಳು ಚಿಕ್ಕವು. ಅವುಗಳ ಎಳೆಗಳು ನಿಧಾನ, ಬಲ ಕಡಿಮೆ, ಆದರೆ ಗಂಟೆಗಟ್ಟಲೆ ದಣಿಯುವುದಿಲ್ಲ. ಕೆಲವು ಬಹಳ ದೊಡ್ಡವು. ಮೀನಖಂಡದ ಸ್ನಾಯುವಿನಲ್ಲಿ ಒಂದು ನರಕೋಶದ ಕೈಕೆಳಗೆ ಸಾವಿರಕ್ಕೂ ಹೆಚ್ಚು ಎಳೆಗಳಿರಬಹುದು. ದೊಡ್ಡ ಗುಂಪುಗಳ ಎಳೆಗಳು ದಪ್ಪ, ವೇಗ ಹೆಚ್ಚು, ಬಲವೂ ಹೆಚ್ಚು, ಆದರೆ ಬೇಗ ದಣಿಯುತ್ತವೆ.

ಯಾವ ಗುಂಪು ಯಾವಾಗ ಕೆಲಸಕ್ಕೆ ಬರಬೇಕು? ಹಾರ್ವರ್ಡ್‌ನಲ್ಲಿದ್ದ ಎಲ್‌ವುಡ್ ಹೆನ್ನಮನ್ 1957ರಲ್ಲಿ ಬೆಕ್ಕುಗಳ ನರಗಳಲ್ಲಿ ಹಾಯುವ ಸಂಕೇತಗಳನ್ನು ಅಳೆದು ಇದಕ್ಕೆ ಉತ್ತರ ಕಂಡರು. ಪ್ರಚೋದನೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದಾಗ ಮೊದಲು ಚಿಕ್ಕ ನರಕೋಶಗಳು ಎಚ್ಚರಗೊಂಡವು, ನಂತರ ಮಧ್ಯಮದವು, ಕೊನೆಗೆ ದೊಡ್ಡವು. ಪ್ರಚೋದನೆ ಇಳಿಸುತ್ತಾ ಬಂದಾಗ ದೊಡ್ಡವು ಮೊದಲು ಸುಮ್ಮನಾದವು. ಗಾತ್ರದ ನಿಯಮ ಎಂದು ಇದಕ್ಕೆ ಹೆಸರು ಬಂತು.

ಈ ಸಾಲನ್ನು ಯಾರೂ ಕುಳಿತು ನಿರ್ಧರಿಸುವುದಿಲ್ಲ, ಇದರ ಸೊಗಸೇ ಅದು. ಕಿರಿದಾದ ಒಂದು ಜಗ್ಗಿಗೂ ಬಿರಿಯಾನಿಯ ಅಗಲವಾದ ದೊಡ್ಡ ಪಾತ್ರೆಗೂ ಒಂದೊಂದು ಚೊಂಬು ನೀರು ಸುರಿಯಿರಿ. ಜಗ್ಗಿನಲ್ಲಿ ನೀರಿನ ಮಟ್ಟ ಥಟ್ಟನೆ ಏರುತ್ತದೆ, ಪಾತ್ರೆಯಲ್ಲಿ ತಳವಷ್ಟೇ ಒದ್ದೆಯಾಗುತ್ತದೆ. ನರಕೋಶಗಳೂ ಹಾಗೆಯೇ. ಎಲ್ಲಕ್ಕೂ ಒಂದೇ ಪ್ರಮಾಣದ ವಿದ್ಯುತ್ ಸಂಕೇತ ತಲುಪಿದರೂ ಚಿಕ್ಕ ಕೋಶದಲ್ಲಿ ಅದರ ಪರಿಣಾಮ ದೊಡ್ಡದು, ಅದು ಬೇಗನೆ ಗೆರೆ ಮುಟ್ಟಿ ಸಿಡಿಯುತ್ತದೆ. ದೊಡ್ಡ ಕೋಶ ಸಿಡಿಯಬೇಕಾದರೆ ಚೊಂಬಿನ ಮೇಲೆ ಚೊಂಬು ಸುರಿಯಬೇಕು, ಅಂದರೆ ಮಿದುಳು ಹೆಚ್ಚು ಬಲವಾದ ಆಜ್ಞೆ ಕೊಡಬೇಕು.

ಈಗ ಉಮ್ಮನ ನಲವತ್ತು ನಿಮಿಷದ ನಡಿಗೆಯನ್ನು ಈ ಕಣ್ಣಿನಿಂದ ನೋಡಿ. ಸಮತಟ್ಟಾದ ರಸ್ತೆ, ಪಕ್ಕದ ಮನೆಯವರೊಡನೆ ಮಾತನಾಡುತ್ತಾ ಆರಾಮದ ಹೆಜ್ಜೆ. ತೊಡೆಗೆ ಬೇಕಾದ ಬಲ ಕಡಿಮೆ, ಚಿಕ್ಕ ಗುಂಪುಗಳೇ ಸಾಕು. ದೊಡ್ಡ ಗುಂಪುಗಳಿಗೆ ಕರೆಯೇ ಹೋಗುವುದಿಲ್ಲ. ನಲವತ್ತು ನಿಮಿಷವನ್ನು ಎಂಬತ್ತು ಮಾಡಿದರೂ ಕರೆ ಹೋಗುವುದು ಕಷ್ಟ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ನಿದ್ರೆಗೆ ಆ ನಡಿಗೆ ಒಳ್ಳೆಯದೇ, ಯಾರೂ ಬಿಡಬಾರದು. ಆದರೆ ಸೋಫಾದಿಂದ ಏಳಲು ಬೇಕಾದ 115 ಕಿಲೋ ಎಳೆತಕ್ಕೆ ದೊಡ್ಡ ಗುಂಪುಗಳು ಬರಲೇಬೇಕು. ವರ್ಷಗಟ್ಟಲೆ ಯಾರೂ ಕರೆಯದ ಅವು ಆ ದಿನ ಬರುವ ಸ್ಥಿತಿಯಲ್ಲಿರಲಿಲ್ಲ.

ವಯಸ್ಸು ಇದಕ್ಕೆ ತನ್ನದನ್ನೂ ಸೇರಿಸುತ್ತದೆ. ಅರವತ್ತು ದಾಟಿದ ಮೇಲೆ ಬೆನ್ನುಹುರಿಯ ಚಾಲಕ ನರಕೋಶಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಒಡೆಯನನ್ನು ಕಳೆದುಕೊಂಡ ಎಳೆಗಳಲ್ಲಿ ಕೆಲವನ್ನು ಪಕ್ಕದ ನರಕೋಶ ತನ್ನ ಕವಲು ಚಾಚಿ ಸಾಕಿಕೊಳ್ಳುತ್ತದೆ, ಉಳಿದವು ಸೊರಗಿ ಹೋಗುತ್ತವೆ. ವೇಗದ ಎಳೆಗಳೇ ಹೆಚ್ಚು ತೆಳ್ಳಗಾಗುತ್ತವೆ. ತೊಡೆಯ ಸುತ್ತಳತೆ ನೋಡಿದರೆ ಇದು ತಿಳಿಯುವುದಿಲ್ಲ. ಕೊಬ್ಬು ಆ ಜಾಗವನ್ನು ತುಂಬಿಕೊಂಡಿರುತ್ತದೆ.

ಮೂರನೆಯ ಸಂಗತಿ ವೇಗ. ಖಾಲಿ ಕೊಡವನ್ನು ನೀವು ಸರ್ರನೆ ಎತ್ತುತ್ತೀರಿ, ತುಂಬಿದ ಕೊಡವನ್ನು ನಿಧಾನವಾಗಿ. ಇದು ಎಲ್ಲರಿಗೂ ಗೊತ್ತಿರುವುದೇ. ಇಂಗ್ಲೆಂಡಿನ ಎ. ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಇದನ್ನು ಅಳೆದು ಒಂದು ರೇಖೆ ಎಳೆದರು. ಸ್ನಾಯು ಎಷ್ಟು ವೇಗವಾಗಿ ಗಿಡ್ಡವಾಗುತ್ತದೆಯೋ ಅಷ್ಟು ಅದರ ಬಲ ಕಡಿಮೆ, ಏಕೆಂದರೆ ಓಡುತ್ತಿರುವ ತಂತುವನ್ನು ಹಿಡಿಯಲು ಕೊಕ್ಕೆಗಳಿಗೆ ಸಮಯ ಸಾಲುವುದಿಲ್ಲ. ಬಲ ಮತ್ತು ವೇಗ ಎರಡನ್ನೂ ಗುಣಿಸಿದರೆ ಸಿಗುವುದು ಶಕ್ತಿಯ ಪ್ರಮಾಣ, ವಿದ್ಯುತ್ ಬಲ್ಬಿನ ಮೇಲೆ ಬರೆಯುವ ವ್ಯಾಟ್ ಲೆಕ್ಕ. ಅತಿ ಹೆಚ್ಚಿನ ವೇಗದ ಸುಮಾರು ಮೂರನೇ ಒಂದು ಭಾಗದಲ್ಲಿ ಇದು ಗರಿಷ್ಠವಾಗುತ್ತದೆ. ಉಮ್ಮ ಕುರ್ಚಿಯಿಂದ ಎದ್ದು ನಿಂತಾಗ ಅವರ ದೇಹದ ಭಾರ ಸುಮಾರು 35 ಸೆಂಟಿಮೀಟರ್ ಮೇಲೇರುತ್ತದೆ. ಅದನ್ನು ಒಂದು ಸೆಕೆಂಡಿನಲ್ಲಿ ಮಾಡಿದರೆ ಹೆಚ್ಚುಕಡಿಮೆ 200 ವ್ಯಾಟ್, ಎರಡು ಸೆಕೆಂಡು ತೆಗೆದುಕೊಂಡರೆ 100 ವ್ಯಾಟ್.

ಹಾಗಾದರೆ ನಿಧಾನವಾಗಿ ಎದ್ದರಾಯಿತಲ್ಲ ಎನ್ನಬಹುದು. ಹಿರಿಯರು ಮಾಡುವುದೂ ಅದನ್ನೇ. ಆದರೆ ಎಲ್ಲ ಕೆಲಸವೂ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಬಚ್ಚಲಿನ ಹೊಸ್ತಿಲಿಗೆ ಕಾಲೆಡವಿದಾಗ ಇನ್ನೊಂದು ಕಾಲು ಮುಂದೆ ಬಂದು ನೆಲ ಊರಿ ಇಡೀ ದೇಹವನ್ನು ತಡೆಯಲು ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು ಅಷ್ಟೇ. ಅಷ್ಟರೊಳಗೆ ಬಲ ಬರಬೇಕು. ವೇಗದ ಎಳೆಗಳು ಸೊರಗಿದವರಲ್ಲಿ ಬಲ ಬರುತ್ತದೆ, ಬಿದ್ದ ಮೇಲೆ. ವಯಸ್ಸಾದಂತೆ ಬರೀ ಬಲಕ್ಕಿಂತ ಈ ವ್ಯಾಟ್ ಲೆಕ್ಕದ ಶಕ್ತಿಯೇ ಬೇಗ ಕುಸಿಯುತ್ತದೆ. ಸೋಫಾದಿಂದ ಏಳಲಾಗದ್ದನ್ನು ನಗೆಯ ವಿಷಯವಾಗಿ ಬಿಡಬಾರದು ಎಂದು ನಾನು ಹೇಳುವುದು ಅದಕ್ಕಾಗಿ. ಸೊಂಟದ ಮೂಳೆ ಮುರಿದ ಮೇಲೆ ನನ್ನ ಬಳಿ ಬಂದ ಹಿರಿಯರಲ್ಲಿ ಹಲವರ ಮನೆಯವರು, "ಎರಡು ವರ್ಷದಿಂದ ಏಳುವಾಗ ಕೈ ಊರುತ್ತಿದ್ದರು" ಎಂದು ನೆನಪಿಸಿಕೊಂಡಿದ್ದಾರೆ.

ಹಿಲ್ ಅವರ ರೇಖೆಗೆ ಇನ್ನೊಂದು ಬದಿಯೂ ಇದೆ, ನಮಗೆ ಉಪಯೋಗಕ್ಕೆ ಬರುವುದು ಅದೇ. ಸ್ನಾಯು ಎಳೆಯುತ್ತಿರುವಾಗಲೇ ಭಾರ ಅದನ್ನು ಉದ್ದಕ್ಕೆ ಎಳೆದರೆ, ಅಂದರೆ ನೀವು ಭಾರವನ್ನು ತಡೆಯುತ್ತಾ ಕೆಳಗಿಳಿಸುವಾಗ, ಸ್ನಾಯುವಿನ ಬಲ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಹಿಡಿದ ಕೊಕ್ಕೆಗಳು ಸುಲಭವಾಗಿ ಬಿಡುವುದಿಲ್ಲ. ಆದುದರಿಂದ ಕುರ್ಚಿಯಿಂದ ಏಳಲು ಆಗದವರೂ ಹಲವು ಬಾರಿ ನಿಧಾನವಾಗಿ ಕುಳಿತುಕೊಳ್ಳಬಲ್ಲರು.

ಇಷ್ಟು ತಿಳಿದ ಮೇಲೆ ಆ ಉಮ್ಮನಿಗೆ ಏನು ಮಾಡಿದೆವು ಎಂದು ಹೇಳುತ್ತೇನೆ. ಮೊದಲು ಅಳತೆ. ಕೈಗಳಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಟ್ಟೆವು, ಆಸನದ ಎತ್ತರ 45 ಸೆಂಟಿಮೀಟರ್. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು ಐದು ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಬೇಕು, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ. ಅವರಿಗೆ 19 ಸೆಕೆಂಡು ಬೇಕಾಯಿತು. ಏಷ್ಯಾದ ತಜ್ಞರ ತಂಡ 2019ರಲ್ಲಿ ಇಟ್ಟ ಮಿತಿ 12 ಸೆಕೆಂಡು. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ದೇಹದ ಸಾಮರ್ಥ್ಯ ಕುಗ್ಗಿದೆ ಎಂದರ್ಥ. ಗಡಿಯಾರದಷ್ಟೇ ನಾನು ಇನ್ನೊಂದನ್ನು ನೋಡುತ್ತೇನೆ: ಕುಳಿತುಕೊಳ್ಳುವಾಗ ಕೊನೆಯ ನಾಲ್ಕು ಬೆರಳಿನಷ್ಟು ಎತ್ತರವನ್ನು ಹಿಡಿತದಲ್ಲಿ ಇಳಿಯುತ್ತಾರೋ, ಧೊಪ್ಪೆಂದು ಬೀಳುತ್ತಾರೋ? ಅವರು ಬೀಳುತ್ತಿದ್ದರು. ಮನೆಯಲ್ಲಿ ನೀವೂ ಇದನ್ನು ನೋಡಬಹುದು, ಆದರೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಮೊದಲ ಎರಡು ವಾರ ಕುರ್ಚಿಯ ಮೇಲೆ ಮಡಚಿದ ಗಟ್ಟಿ ಕಂಬಳಿ ಹಾಕಿ ಆಸನವನ್ನು 50 ಸೆಂಟಿಮೀಟರ್‌ಗೆ ಏರಿಸಿದೆವು. ಇದರಿಂದ ಮೊಣಕಾಲು ತನ್ನ ಬಲದ ಸ್ಥಾನಕ್ಕೆ ಹತ್ತಿರ ಬಂತು. ನಿಂತಲ್ಲಿಂದ ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರುವುದು, ನಂತರ ಪಾದಗಳನ್ನು ಸ್ವಲ್ಪ ಹಿಂದಕ್ಕೆ ತಂದು, ಮೂಗು ಕಾಲ್ಬೆರಳಿನ ಮೇಲೆ ಬರುವಂತೆ ಮುಂದಕ್ಕೆ ಬಾಗಿ, ಆದಷ್ಟು ವೇಗವಾಗಿ ಏಳುವುದು. ಎಂಟು ಬಾರಿ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಎಂಟು, ಮತ್ತೆ ಎಂಟು. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಒಂದು ದಿನ ಬಿಟ್ಟು.

"ಆದಷ್ಟು ವೇಗವಾಗಿ" ಎಂಬುದು ಅವಸರಕ್ಕಾಗಿ ಹೇಳಿದ್ದಲ್ಲ. ಬಲ ಹಾಕುವ ಆಜ್ಞೆ ಥಟ್ಟನೆ ಬಂದರೆ ದೊಡ್ಡ ಗುಂಪುಗಳು ಅದೇ ಸಾಲಿನಲ್ಲೇ, ಆದರೆ ಇನ್ನೂ ಕಡಿಮೆ ಬಲದ ಹಂತದಲ್ಲೇ ಕೆಲಸಕ್ಕೆ ಇಳಿಯುತ್ತವೆ. ನೋಡುವವರಿಗೆ ಉಮ್ಮ ನಿಧಾನವಾಗಿಯೇ ಎದ್ದಂತೆ ಕಾಣಬಹುದು. ಬೇಗ ಏಳಬೇಕೆಂಬ ಅವರ ಪ್ರಯತ್ನ ಮುಖ್ಯ. ಎಂಟರಲ್ಲಿ ಕೊನೆಯ ಎರಡು ನಿಜವಾಗಿ ಕಷ್ಟವಾಗಬೇಕು. ಚಿಕ್ಕ ಗುಂಪುಗಳು ದಣಿದಂತೆ ದೊಡ್ಡವಕ್ಕೆ ಕರೆ ಹೋಗುವುದು ಆಗಲೇ. ಎಂಟನ್ನೂ ಮಾತನಾಡುತ್ತಾ ಮುಗಿಸಿದರೆ ಅದು ಇನ್ನೊಂದು ನಡಿಗೆ ಮಾತ್ರ.

ಮೊದಲ ವಾರ ಮಗಳ ಫೋನು ಬಂತು. ಉಮ್ಮನಿಗೆ ತೊಡೆ ಮುಟ್ಟಲೂ ಆಗುವುದಿಲ್ಲ, ಮೆಟ್ಟಿಲು ಇಳಿಯುವಾಗ ಅಳುತ್ತಾರೆ, ನಿಲ್ಲಿಸಬೇಕೆ? ಭಾರ ತಡೆಯುತ್ತಾ ಇಳಿಸುವ ಕೆಲಸ ರೂಢಿ ಇಲ್ಲದ ಸ್ನಾಯುವಿಗೆ ಹೀಗೆಯೇ ಆಗುತ್ತದೆ. ಮಾರನೆಯ ದಿನ ಶುರುವಾಗಿ ಎರಡು ಮೂರು ದಿನ ಇದ್ದು ಹೋಗುತ್ತದೆ. ಅದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು, ಮೊದಲ ದಿನ ಮೂರು ಸುತ್ತಿನ ಬದಲು ಒಂದೇ ಸುತ್ತು ಕೊಡಬೇಕಿತ್ತು. ಆದರೆ ನೋವು ಎಲ್ಲಿದೆ ಎಂದು ಕೇಳಲೇಬೇಕು. ಎರಡೂ ತೊಡೆಯ ಮಾಂಸದಲ್ಲಿ ಮಂದವಾದ ನೋವಾದರೆ ಚಿಂತೆಯಿಲ್ಲ. ಮೊಣಕಾಲಿನ ಗಂಟಿನೊಳಗೆ ಚುಚ್ಚಿದಂತೆ ನೋವು, ಊತ, ಒಂದೇ ಕಾಲಿನ ಮೀನಖಂಡದಲ್ಲಿ ಊತ ಇವೆಲ್ಲ ಬೇರೆ ಸಂಗತಿ, ವೈದ್ಯರಿಗೆ ತೋರಿಸಬೇಕು.

ಮೂರನೇ ವಾರ ಕಂಬಳಿ ತೆಗೆದೆವು. ಆರನೇ ವಾರ ಐದು ಬಾರಿ ಏಳಲು 15 ಸೆಕೆಂಡು. ತೊಡೆಯ ಗಾತ್ರದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಮೊದಲ ವಾರಗಳಲ್ಲಿ ಸಿಗುವ ಲಾಭ ಹೆಚ್ಚಾಗಿ ನರಗಳದ್ದೇ, ಕರೆ ಸರಿಯಾಗಿ ತಲುಪಲು ಆರಂಭವಾಗುತ್ತದೆ, ಮಾಂಸ ತುಂಬುವುದು ತಡವಾಗಿ. ಈ ವಯಸ್ಸಿನಲ್ಲಿ ಇದೆಲ್ಲ ಸಾಧ್ಯವೇ ಎನ್ನುವವರಿಗೆ ಹೇಳಲು 1990ರಷ್ಟು ಹಳೆಯ ಒಂದು ಅಧ್ಯಯನವಿದೆ. ಅಮೆರಿಕದ ಬಾಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರಿಗೆ ಡಾಕ್ಟರ್ ಮಾರಿಯಾ ಫಿಯಾಟರೋನ್ ಎಂಟು ವಾರ ತೊಡೆಯ ಭಾರದ ವ್ಯಾಯಾಮ ಕೊಟ್ಟರು. ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದ ಶೇಕಡಾ 80ರಷ್ಟು ಹೊರೆ, ಅಂದರೆ ದೊಡ್ಡ ಗುಂಪುಗಳಿಗೆ ಖಂಡಿತ ಕರೆ ಹೋಗುವಷ್ಟು. ಒಬ್ಬರು ನಡುವೆ ಬಿಟ್ಟರು, ಉಳಿದವರ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಆದರೆ ಅದು ಮೇಲ್ವಿಚಾರಣೆಯಲ್ಲಿ ನಡೆದದ್ದು ಎಂಬುದನ್ನು ಮರೆಯಬೇಡಿ.

ಯಾರು ತಾವಾಗಿ ಆರಂಭಿಸಬಾರದು? ಎದೆನೋವು ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಬೆನ್ನುಮೂಳೆ ಸವೆದು ಮುರಿದ ಇತಿಹಾಸ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ನಿಂತಾಗ ತಲೆ ಸುತ್ತುವವರು. ಎಲ್ಲರೂ ಏಳುವಾಗ ಉಸಿರು ಬಿಡಬೇಕು, ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಇನ್ನೊಂದು ವಿಷಯ. ವರ್ಷಗಳಲ್ಲಿ ಅಲ್ಲದೆ ಕೆಲವೇ ವಾರಗಳಲ್ಲಿ ಏಳುವುದು ಕಷ್ಟವಾಗಿದ್ದರೆ, ತಲೆ ಬಾಚಲು ಕೈ ಎತ್ತುವುದೂ ಕಷ್ಟವಾಗಿದ್ದರೆ, ಅಥವಾ ಒಂದೇ ಕಾಲು ಸೋತಿದ್ದರೆ ಅದು ಈ ಲೇಖನದ ವಿಷಯವಲ್ಲ. ಥೈರಾಯ್ಡ್, ವಿಟಮಿನ್ ಡಿ ಕೊರತೆ, ಸ್ನಾಯುವಿನ ಅಥವಾ ನರದ ಕಾಯಿಲೆ ಇರಬಹುದು, ಮೊದಲು ವೈದ್ಯರು ನೋಡಬೇಕು. ಒಂದು ಕಾಲು ಒಮ್ಮೆಲೇ ಸೋತರೆ ಆಸ್ಪತ್ರೆಗೆ ಅಂದೇ, ಆ ಗಂಟೆಯಲ್ಲೇ.

ಮನೆಯಲ್ಲಿ ಎಬ್ಬಿಸುವವರಿಗೂ ಒಂದು ಮಾತು. ತೋಳು ಹಿಡಿದು ಮೇಲಕ್ಕೆ ಎಳೆಯಬೇಡಿ, ಭುಜ ಜಾರುವ ಅಪಾಯವಿದೆ. ಅದರಿಂದ ಅವರು ಹಿಂದಕ್ಕೆ ವಾಲುತ್ತಾರೆ ಕೂಡ, ಬೇಕಾದದ್ದು ಮುಂದಕ್ಕೆ ಬಾಗುವುದು. ಆಸನದ ಅಂಚಿಗೆ ಸರಿದು ಕೂರಲು ಹೇಳಿ, ಪಾದಗಳನ್ನು ಹಿಂದಕ್ಕೆ ಇಡಿಸಿ, ಮುಂದೆ ಬಾಗಲು ಜಾಗ ಬಿಡಿ. ಅಂಚಿಗೆ ಬಂದಷ್ಟೂ, ಪಾದ ಹಿಂದೆ ಬಂದಷ್ಟೂ ದೇಹದ ಭಾರ ಪಾದದ ಮೇಲೆ ಬರಲು ಕ್ರಮಿಸಬೇಕಾದ ದೂರ ಕಡಿಮೆ. ಇಷ್ಟರಲ್ಲೇ ಅರ್ಧ ಮಂದಿ ತಾವಾಗಿ ಏಳುತ್ತಾರೆ.

ಹತ್ತನೇ ವಾರ ಉಮ್ಮ ಐದು ಬಾರಿ ಏಳಲು ತೆಗೆದುಕೊಂಡದ್ದು ಹನ್ನೆರಡೂವರೆ ಸೆಕೆಂಡು. ಮಿತಿಯೊಳಗೆ ಇನ್ನೂ ಬಂದಿರಲಿಲ್ಲ. ಧೊಪ್ಪೆಂದು ಬೀಳುವುದು ನಿಂತಿತ್ತು. ಸೋಫಾದಿಂದ ಅಂಚಿಗೆ ಸರಿದು, ಕೈ ಊರದೆ ಎದ್ದರು. ನೆಲದಿಂದ ಏಳುವಾಗ, ನಮಾಝಿನಲ್ಲಿ ಸುಜೂದ್ ಮುಗಿಸಿ ನಿಲ್ಲುವಾಗ ಮಾತ್ರ ಈಗಲೂ ಒಂದು ಕೈ ಊರುತ್ತಾರೆ. ಅಲ್ಲಿ ಮೊಣಕಾಲು ಎಲ್ಲಕ್ಕಿಂತ ಹೆಚ್ಚು ಮಡಚಿರುತ್ತದೆ. "ಅದಕ್ಕೆ ಎಷ್ಟು ವಾರ ಬೇಕು ಮಗಳೇ?" ಎಂದು ಕೇಳಿದರು. ಈಗ 45ರ ಕುರ್ಚಿ ಬಿಟ್ಟು 40 ಸೆಂಟಿಮೀಟರ್‌ನ ಮಣೆಯಲ್ಲಿ ಆರಂಭಿಸಿದ್ದೇವೆ, ಮತ್ತೆ ಎಂಟರ ಒಂದೇ ಸುತ್ತಿನಿಂದ.